ಜಾಹೀರಾತಿನಿಂದ ತುಲನಾ ಪಟ್ಟಿಯವರೆಗೆ: ಸಂದರ್ಶನದ ಅಂಕಗಳು ನಡೆದು ಬಂದ ದಾರಿ

ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದ ಸುತ್ತಮುತ್ತ ತೊಗರಿಯ ಸೀಮೆ. ಇಂಥ ಊರಿನ ರೈತರ ಕಂಪನಿಯೋ ಸಹಕಾರ ಸಂಘವೋ ಒಬ್ಬ ಲೆಕ್ಕಿಗರನ್ನು ನೇಮಿಸಿಕೊಳ್ಳಲು ಹೊರಟರೆ ಅರ್ಜಿ ಹಾಕಿದವರೂ ಆಯ್ಕೆ ಮಾಡುವವರೂ ಪರಸ್ಪರ ಪರಿಚಿತರೇ ಆಗಿರುತ್ತಾರೆ. ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳಲ್ಲಿ ಇರುವಂಥ ಸಿಬ್ಬಂದಿ ವಿಭಾಗ ಇಲ್ಲಿರುವುದಿಲ್ಲ. ಇರುವುದು ಎರಡೇ ಕಾಗದ: ಏನೇನು ಬೇಕೆಂದು ಹೇಳಿದ ಜಾಹೀರಾತು, ಸಂದರ್ಶನದಲ್ಲಿ ಒಬ್ಬೊಬ್ಬ ಸದಸ್ಯರೂ ಬರೆದ ಅಂಕದ ಹಾಳೆ. ಇವೆರಡನ್ನೂ ಒಂದೇ ಪುಟದ ತುಲನೆಯಾಗಿ ಸಮಿತಿಯ ಮುಂದಿಡುವುದು ಹೇಗೆ ಎಂಬ ಪ್ರಶ್ನೆಗೆ ನೂರು ವರ್ಷಗಳ ಇತಿಹಾಸವಿದೆ.

ಒಬ್ಬರ ಕಣ್ಣು ಸಾಲದು

ಶುರುವಾದದ್ದು ಒಂದು ನಿರಾಸೆಯಿಂದ. ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಹಾಲಿಂಗ್‌ವರ್ತ್ 1922ರಲ್ಲಿ ಒಂದು ಪ್ರಯೋಗದ ಫಲಿತಾಂಶ ಕೊಟ್ಟರು. 57 ಅಭ್ಯರ್ಥಿಗಳನ್ನು 12 ಮಂದಿ ಅನುಭವಸ್ಥ ಮಾರಾಟ ಅಧಿಕಾರಿಗಳು ಬೇರೆಬೇರೆಯಾಗಿ ನೋಡಿ ಕ್ರಮಾಂಕ ಕೊಟ್ಟಿದ್ದರು. ಒಬ್ಬರ ಪಟ್ಟಿಯಲ್ಲಿ ಮೇಲಿದ್ದವರು ಇನ್ನೊಬ್ಬರ ಪಟ್ಟಿಯಲ್ಲಿ ತಳ ಸೇರಿದ್ದರು. ಅದಕ್ಕೂ ಎರಡು ವರ್ಷ ಮೊದಲು, 1920ರಲ್ಲಿ, ಎಡ್ವರ್ಡ್ ಥಾರ್ನ್‌ಡೈಕ್ ಮತ್ತೊಂದು ದೋಷ ತೋರಿಸಿದ್ದರು. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಮೈಕಟ್ಟು, ಬುದ್ಧಿ, ನಾಯಕತ್ವ ಎಂದು ಬೇರೆಬೇರೆ ಅಂಕ ಕೊಟ್ಟರೂ ಎಲ್ಲ ಅಂಕಗಳೂ ಒಟ್ಟೊಟ್ಟಿಗೇ ಏರಿಳಿಯುತ್ತಿದ್ದವು. ಒಂದು ಗುಣ ಮೆಚ್ಚಿದರೆ ಉಳಿದೆಲ್ಲದಕ್ಕೂ ಆ ಮೆಚ್ಚುಗೆಯ ಬಣ್ಣ ತಗಲುತ್ತಿತ್ತು. ಅಂಕದ ಹಾಳೆಯಲ್ಲಿ ಕಲಮುಗಳನ್ನು ಹೆಚ್ಚಿಸಿದ ಮಾತ್ರಕ್ಕೆ ತೀರ್ಪು ಸ್ವತಂತ್ರವಾಗುವುದಿಲ್ಲ ಎಂಬ ಪಾಠ ಆಗಲೇ ಸಿಕ್ಕಿತ್ತು.

ಪರಿಹಾರದ ದಾರಿ ತೆರೆದದ್ದು 1950ರ ದಶಕದಲ್ಲಿ. ಇಸ್ರೇಲ್ ಸೇನೆಯಲ್ಲಿದ್ದ ಯುವಕ ಡೇನಿಯಲ್ ಕಾನ್‌ಮನ್, ಸಂದರ್ಶಕರು ಅಭ್ಯರ್ಥಿಯ ಬಗ್ಗೆ ಒಟ್ಟಾರೆ ಅಭಿಪ್ರಾಯ ಕಟ್ಟಿಕೊಳ್ಳುವುದನ್ನು ಸದ್ಯಕ್ಕೆ ತಡೆದರು. ಆರು ಗುಣಗಳು, ಪ್ರತಿಯೊಂದಕ್ಕೂ ನಡೆದ ಸಂಗತಿಗಳನ್ನೇ ಕೆದಕುವ ಪ್ರಶ್ನೆಗಳು, ಒಂದರ ಅಂಕ ಬರೆದ ಮೇಲೆಯೇ ಮುಂದಿನದಕ್ಕೆ. ಹೊಸ ಕ್ರಮ ಹಳೆಯದಕ್ಕಿಂತ ಚೆನ್ನಾಗಿ ಫಲಿಸಿತು. ಆರೂ ಅಂಕ ಬರೆದು ಮುಗಿದ ಬಳಿಕ ಸಂದರ್ಶಕರು ಕೊಟ್ಟ ಒಟ್ಟಾರೆ ಅಭಿಪ್ರಾಯಕ್ಕೂ ಬೆಲೆ ಇದೆಯೆಂದು ಕಂಡಿತು. ಆ ಅಭಿಪ್ರಾಯ ಬರಬೇಕಾದದ್ದು ಕೊನೆಯಲ್ಲಿ, ಅಷ್ಟೇ. 1980ರಲ್ಲಿ ಗ್ಯಾರಿ ಲೇಥಮ್ ಮತ್ತು ಸಂಗಡಿಗರು ಪ್ರಶ್ನೆಗಳನ್ನೇ ಕೆಲಸದೊಳಗಿನ ಪ್ರಸಂಗಗಳಿಂದ ಹೆಕ್ಕಿದರು. ಎಂಥ ಉತ್ತರಕ್ಕೆ ಎಷ್ಟು ಅಂಕ ಎಂಬುದೂ ಮೊದಲೇ ಗೊತ್ತಾಗಿರುತ್ತಿತ್ತು. ಕೆಲಸದ ವಿವರಣೆಗೂ ಅಂಕಕ್ಕೂ ನೇರ ನಂಟು ಬಿದ್ದದ್ದು ಇಲ್ಲಿಂದ.

ಮೈಸೂರಿನಿಂದ ಸುಪ್ರೀಂ ಕೋರ್ಟಿಗೆ

ನಮ್ಮಲ್ಲಿ ಇದೇ ಪ್ರಶ್ನೆ ನ್ಯಾಯಾಲಯದ ಮೂಲಕ ಬೆಳೆಯಿತು. 1963ರಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನದ ಅಂಕ ಸೇರಿಸಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ 25ರಷ್ಟನ್ನು ಅದಕ್ಕೆ ಇಟ್ಟಿತ್ತು. ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1964ರಲ್ಲಿ ಅದನ್ನು ಎತ್ತಿಹಿಡಿಯಿತು. 1980ರ ಅಜಯ್ ಹಾಸಿಯಾ ತೀರ್ಪಿನ ಹೊತ್ತಿಗೆ ನಿಲುವು ಬಿಗಿಯಾಯಿತು. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಟ್ಟು 150ರಲ್ಲಿ 50 ಅಂಕ ಸಂದರ್ಶನಕ್ಕಿತ್ತು, ಸಂದರ್ಶನವೋ ಎರಡು ಮೂರು ನಿಮಿಷದ್ದು. ಶೇ 15ಕ್ಕಿಂತ ಹೆಚ್ಚು ಸಲ್ಲದು ಎಂದಿತು ನ್ಯಾಯಾಲಯ.

ನೇಮಕಾತಿಗೆ ಇನ್ನೂ ಹತ್ತಿರದ ಮಾತು ಬಂದದ್ದು 2008ರ ಮಂಜುಶ್ರೀ ಪ್ರಕರಣದಲ್ಲಿ. ಸಂದರ್ಶನ ಮುಗಿದ ಮೇಲೆ ಅದಕ್ಕೆ ಕನಿಷ್ಠ ಅಂಕ ನಿಗದಿ ಮಾಡಿದ್ದು ತಪ್ಪೆಂದು ತೀರ್ಪಾಯಿತು. 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವೂ ಅದೇ ಜಾಡು ಹಿಡಿಯಿತು: ನಿಯಮಗಳಲ್ಲಾಗಲಿ ಜಾಹೀರಾತಿನಲ್ಲಾಗಲಿ ಅವಕಾಶವಿಲ್ಲದಿದ್ದರೆ, ಆಯ್ಕೆ ಶುರುವಾದ ಮೇಲೆ ಅರ್ಹತೆಯ ಮಾನದಂಡ ಬದಲಿಸುವಂತಿಲ್ಲ. ಈ ತೀರ್ಪುಗಳು ಕಟ್ಟಿಹಾಕುವುದು ಸರ್ಕಾರಿ ನೇಮಕಾತಿಯನ್ನು. ರೈತರ ಕಂಪನಿಗೆ ಇವು ನೇರವಾಗಿ ಅನ್ವಯಿಸುವುದಿಲ್ಲ. ಆದರೂ ತರ್ಕ ಅಲ್ಲಿಗೂ ಸಲ್ಲುತ್ತದೆ. ಜಾಹೀರಾತು ಓದಿ ಅರ್ಜಿ ಹಾಕಿದವರನ್ನು ಅಳೆಯಬೇಕಾದದ್ದು ಆ ಜಾಹೀರಾತಿನಿಂದಲೇ.

ಒಂದು ಲೆಕ್ಕ

ಹೀಗೆಂದುಕೊಳ್ಳೋಣ. ತೊಗರಿ ಖರೀದಿ ಮಾಡುವ ಕಂಪನಿಯೊಂದರ ಜಾಹೀರಾತು ಮೂರು ಅರ್ಹತೆ ಕೇಳಿದೆ: ಟ್ಯಾಲಿಯಲ್ಲಿ ದಿನದ ಲೆಕ್ಕ, ಖರೀದಿ ದಾಖಲೆ, ರೈತರೊಡನೆ ವ್ಯವಹಾರ. ಮೂವರು ಸದಸ್ಯರು ಐದರೊಳಗೆ ಅಂಕ ಕೊಟ್ಟಿದ್ದಾರೆ.

ಮೊದಲ ಅಭ್ಯರ್ಥಿಗೆ ಲೆಕ್ಕದಲ್ಲಿ 4, 4, 5. ವ್ಯವಹಾರದಲ್ಲಿ ಮೂವರಿಂದಲೂ 4. ಖರೀದಿ ದಾಖಲೆಯಲ್ಲಿ 2, 5, ಮೂರನೆಯವರದು ಖಾಲಿ. ಎರಡನೆಯ ಅಭ್ಯರ್ಥಿಗೆ ಲೆಕ್ಕದಲ್ಲಿ 3, 4, 3. ಖರೀದಿಯಲ್ಲಿ ಮೂವರಿಂದಲೂ 4. ವ್ಯವಹಾರದಲ್ಲಿ 4, 3, 4. ಸರಾಸರಿಗಳನ್ನು ಕೂಡಿದರೆ ಎರಡನೆಯವರಿಗೆ 11. ಮೊದಲನೆಯವರಿಗೆ ಎಷ್ಟು? ಖಾಲಿ ಬಿಟ್ಟದ್ದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 11.83, ಅವರು ಗೆದ್ದರು. ಖಾಲಿ ಜಾಗವನ್ನು ಸೊನ್ನೆ ಎಂದು ಎಣಿಸಿದರೆ 10.67, ಸೋತರು. ಅಂದರೆ ಕೆಲಸ ಯಾರಿಗೆಂದು ತೀರ್ಮಾನಿಸಿದ್ದು ಸಮಿತಿಯಲ್ಲ, ಪಟ್ಟಿ ಟೈಪು ಮಾಡಿದವರು.

ಇಲ್ಲಿ ಮೊತ್ತವನ್ನು ಬದಿಗಿಟ್ಟು ಅಂಕದ ಪಕ್ಕದ ಟಿಪ್ಪಣಿ ಓದಬೇಕು. 2 ಕೊಟ್ಟವರು ಬರೆದಿದ್ದಾರೆ: ‘ತೇವಾಂಶ ಶೇ 12 ಮೀರಿದ ಚೀಲ ಬಂದರೆ ರಸೀದಿ ಏನು ಮಾಡುತ್ತೀರಿ ಎಂದು ಕೇಳಿದೆ, ಉತ್ತರ ಬರಲಿಲ್ಲ.’ 5 ಕೊಟ್ಟವರ ಟಿಪ್ಪಣಿ: ‘ಚುರುಕಿನ ಹುಡುಗ, ಮಾತು ಚೆನ್ನ.’ ಎರಡನೆಯದರಲ್ಲಿ ಖರೀದಿಯ ಸುದ್ದಿಯೇ ಇಲ್ಲ. ಥಾರ್ನ್‌ಡೈಕ್ ಹೇಳಿದ ದೋಷ ಇದೇ. ಖಾಲಿ ಬಿಟ್ಟವರು ಆ ಪ್ರಶ್ನೆ ಕೇಳಿರಲೇ ಇಲ್ಲ. ಮೊದಲ ಅಭ್ಯರ್ಥಿಗೆ ಖರೀದಿ ದಾಖಲೆ ಗೊತ್ತಿದೆಯೋ ಇಲ್ಲವೋ ಎಂದು ಹೇಳಲು ಇರುವ ಆಧಾರ ಒಂದೇ ಪ್ರಶ್ನೆ, ಒಂದೇ ಉತ್ತರ.

ಪುಟ ಹೇಗಿರಬೇಕು

ಇದರಿಂದ ತುಲನಾ ಪಟ್ಟಿಯ ರೂಪ ತಾನಾಗಿ ಸಿಗುತ್ತದೆ. ಎಡಗಡೆ ಜಾಹೀರಾತಿನ ಅರ್ಹತೆಗಳು, ಅದೇ ಮಾತಿನಲ್ಲಿ, ಅದೇ ಕ್ರಮದಲ್ಲಿ. ಪ್ರತಿ ಅರ್ಹತೆಯ ಎದುರು ಮೂರೂ ಅಂಕ ಬಿಡಿಬಿಡಿಯಾಗಿ. ‘2, 5’ ಎಂಬುದನ್ನು ‘3.5’ ಎಂದು ಬರೆದರೆ ಭಿನ್ನಾಭಿಪ್ರಾಯ ಅಳಿಸಿಹೋಗುತ್ತದೆ. ಕೇಳದ್ದಕ್ಕೆ ‘ಕೇಳಿಲ್ಲ’ ಎಂದೇ ಬರೆಯಬೇಕು. ಅಂಕದ ಕೆಳಗೆ ಅಭ್ಯರ್ಥಿ ಹೇಳಿದ್ದರ ಅಥವಾ ಮಾಡಿ ತೋರಿಸಿದ್ದರ ಒಂದು ಸಾಲು. ಅಭ್ಯರ್ಥಿಗಳು ಅರ್ಜಿ ಸಂಖ್ಯೆಯ ಕ್ರಮದಲ್ಲಿರಲಿ. ಮೊದಲೇ ಶ್ರೇಯಾಂಕ ಕೊಟ್ಟರೆ ಸಮಿತಿ ಉಳಿದದ್ದನ್ನು ಆ ಕಣ್ಣಿನಿಂದಲೇ ಓದುತ್ತದೆ. ಕೊನೆಯಲ್ಲಿ, ಚರ್ಚೆಯಾಗಬೇಕಾದ ಅಂಶ.

ಟಿಪ್ಪಣಿಗಳಲ್ಲಿ ‘ಸ್ವಂತ ಬೈಕ್ ಇದೆ’, ‘ಇದೇ ಊರಿನವರು’ ಎಂಬ ಮಾತುಗಳೂ ಇರುತ್ತವೆ. ಜಾಹೀರಾತು ಅದನ್ನು ಕೇಳಿರದಿದ್ದರೆ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಕೆಲಸಕ್ಕೆ ಬೈಕ್ ನಿಜಕ್ಕೂ ಬೇಕೆನಿಸಿದರೆ ಜಾಹೀರಾತನ್ನೇ ತಿದ್ದಿ ಮತ್ತೆ ಕರೆಯಬೇಕು, ಏಕೆಂದರೆ ಬೈಕ್ ಇದ್ದೂ ಅದನ್ನು ಹೇಳಲು ಕಾರಣವಿಲ್ಲದವರು ಬೇರೆಯವರೂ ಇದ್ದಾರು.

ಇಷ್ಟೆಲ್ಲ ಮಾಡಿದರೂ ಮಿತಿಯಿದೆ. ಪಾಲ್ ಸ್ಯಾಕೆಟ್ ಮತ್ತು ಸಹಲೇಖಕರು 2022ರಲ್ಲಿ ಹಳೆಯ ಅಧ್ಯಯನಗಳನ್ನು ಮರುಲೆಕ್ಕ ಹಾಕಿದಾಗ, ಕ್ರಮಬದ್ಧ ಸಂದರ್ಶನಕ್ಕೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಇರುವ ಸಹಸಂಬಂಧ 0.42 ಎಂದು ಬಂತು; ಮನಸ್ಸಿಗೆ ಬಂದಂತೆ ನಡೆಸುವ ಸಂದರ್ಶನಕ್ಕೆ 0.19. ಅಂತರ ದೊಡ್ಡದು, ಆದರೆ 0.42 ಕೂಡ ಖಾತರಿಯಲ್ಲ. ಹಾಗಾಗಿ 11.83 ಮತ್ತು 11ರ ನಡುವಿನ ಕೂದಲೆಳೆಯ ಅಂತರದ ಮೇಲೆ ಒಬ್ಬರ ಕೆಲಸ ನಿಲ್ಲಬಾರದು. ನಮ್ಮ ಲೆಕ್ಕದ ಕಂಪನಿ ಮಾಡಬೇಕಾದದ್ದು ಇಷ್ಟು: ಇಬ್ಬರನ್ನೂ ಮತ್ತೆ ಕರೆದು, ತೂಕದ ಚೀಟಿ, ತೇವಾಂಶದ ಅಳತೆ, ರಸೀದಿ ಪುಸ್ತಕ ಮುಂದಿಟ್ಟು, ಒಂದೇ ಬಗೆಯ ಹತ್ತು ಚೀಲಗಳ ದಾಖಲೆ ಬರೆಸುವುದು, ಆ ಒಂದು ಕಲಮಿಗೆ ಮೂವರೂ ಪ್ರತ್ಯೇಕವಾಗಿ ಅಂಕ ಹಾಕಿದ ಮೇಲೆಯೇ ಮಾತಿಗೆ ಕೂರುವುದು.