ಕೋನಾರ್ಧಕ ಪ್ರಮೇಯವೂ ಆರ್ಕಿಮಿಡೀಸನ ವೃತ್ತವೂ

ನನ್ನಲ್ಲಿ ಓದಿದವರಿಗೆ ಈ ಪ್ರಮೇಯದ ನೆನಪಿರಬಹುದು: ತ್ರಿಭುಜದ ಒಂದು ಕೋನವನ್ನು ಅರ್ಧಿಸುವ ರೇಖೆಯು ಎದುರಿನ ಬಾಹುವನ್ನು, ಆ ಕೋನವನ್ನುಂಟುಮಾಡುವ ಬಾಹುಗಳ ಅನುಪಾತದಲ್ಲಿಯೇ ವಿಭಾಗಿಸುತ್ತದೆ. ಕ್ರಿ.ಪೂ. 300ರ ಸುಮಾರಿನಲ್ಲಿ ಯೂಕ್ಲಿಡನು ‘ಎಲಿಮೆಂಟ್ಸ್’ ಗ್ರಂಥದ ಆರನೆಯ ಪುಸ್ತಕದಲ್ಲಿ ಇದನ್ನು ಮೂರನೆಯ ಪ್ರಮೇಯವಾಗಿ ಸಾಧಿಸಿದ್ದಾನೆ. ಅರ್ಧಕಕ್ಕೆ ಸಮಾಂತರ ರೇಖೆಯನ್ನೆಳೆದು ಸಮದ್ವಿಬಾಹು ತ್ರಿಭುಜವನ್ನು ಪಡೆಯುವ ಆ ಸಾಧನೆಯನ್ನೇ ನಾನೂ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಆದರೆ ಪ್ರಮೇಯವು ನಿಜವಾಗಿ ದುಡಿದದ್ದು ಕ್ರಿ.ಪೂ. 212ರಲ್ಲಿ ಮಡಿದ ಆರ್ಕಿಮಿಡೀಸನ ಕೈಯಲ್ಲಿ. ವೃತ್ತದ ಅಳತೆಯನ್ನು ಕುರಿತ ಅವನ ಪುಟ್ಟ ಕೃತಿಯಲ್ಲಿ ಇರುವುದು ಮೂರೇ ಪ್ರಮೇಯಗಳು. ನಮಗೆ ಬೇಕಾದದ್ದು ಮೂರನೆಯದು.

ಚಿತ್ರವನ್ನು ನೀವೇ ಬರೆದುಕೊಳ್ಳಿರಿ. ವೃತ್ತಕೇಂದ್ರ ಕ. ವೃತ್ತದ ಮೇಲಿನ ಖ ಬಿಂದುವಿನಲ್ಲಿ ಸ್ಪರ್ಶಕವನ್ನೆಳೆದು, ಅದರ ಮೇಲೆ ಗ ಬಿಂದುವನ್ನು ಕೇಂದ್ರಕೋನವು 30 ಡಿಗ್ರಿ ಆಗುವಂತೆ ಗುರುತಿಸಿರಿ. ಖಗ ಎಂಬುದು ವೃತ್ತವನ್ನು ಹೊರಗಿನಿಂದ ಸುತ್ತುವರಿದ ಸಮಷಡ್ಭುಜದ ಅರ್ಧ ಭುಜ. ಅದನ್ನು 153 ಎಂದುಕೊಂಡರೆ ಕಗ ಅದರ ಇಮ್ಮಡಿ, ಅಂದರೆ 306. ತ್ರಿಜ್ಯವಾದ ಕಖ, ಮೂರರ ವರ್ಗಮೂಲದ 153ರಷ್ಟು. ಅದು 265ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಈ 265 ಆತನಿಗೆ ಹೇಗೆ ದೊರೆಯಿತೆಂಬುದನ್ನು ಮಹಾನುಭಾವನು ಹೇಳಿಯೇ ಇಲ್ಲ!

ಈಗ ಕೋನವನ್ನು ಅರ್ಧಿಸೋಣ. ಅರ್ಧಕವು ಖಗ ರೇಖೆಯನ್ನು ಘ ಬಿಂದುವಿನಲ್ಲಿ ಸಂಧಿಸಲಿ. ಪ್ರಮೇಯದಂತೆ ಗಘ ಮತ್ತು ಘಖ ತುಂಡುಗಳ ಅನುಪಾತ 306ಕ್ಕೆ 265. ಇಡೀ 153ರಲ್ಲಿ ಘಖ ಭಾಗವು 571ರಲ್ಲಿ 265 ಪಾಲು. ಆದ್ದರಿಂದ ತ್ರಿಜ್ಯಕ್ಕೂ ಘಖಕ್ಕೂ ಇರುವ ಅನುಪಾತ 571ಕ್ಕೆ 153. ಎಷ್ಟು ಸುಲಭ ನೋಡಿ: ಎರಡು ಬಾಹುಗಳನ್ನು ಕೂಡಿದರೆ ಸಾಕು, 15 ಡಿಗ್ರಿಯ ಲೆಕ್ಕ ಮುಗಿಯಿತು. ತ್ರಿಕೋನಮಿತಿಯ ಕೋಷ್ಟಕಗಳಿಲ್ಲದ ಕಾಲವದು.

ಮುಂದಿನ ಹೆಜ್ಜೆಗೆ ಕರ್ಣ ಬೇಕು. 571 ಮತ್ತು 153ರ ವರ್ಗಗಳ ಮೊತ್ತ 349450. ಅದರ ವರ್ಗಮೂಲವನ್ನು ಆತನು 591 1/8 ಎಂದು ತುಸು ಕಡಿಮೆಯಾಗಿಯೇ ಹಿಡಿಯುತ್ತಾನೆ. 571ನ್ನು ಇದಕ್ಕೆ ಕೂಡಿದರೆ 1162 1/8. ಹೀಗೆಯೇ ಇನ್ನೆರಡು ಸಲ ಅರ್ಧಿಸಿದಾಗ 2334 1/4, ಬಳಿಕ 4673 1/2 ದೊರೆಯುತ್ತವೆ. ಆ ವೇಳೆಗೆ ಬಹುಭುಜಾಕೃತಿಗೆ 96 ಭುಜಗಳು.

ಪ್ರಮೇಯದಿಂದ ಲೆಕ್ಕದಲ್ಲಿ ಕಿಂಚಿತ್ತೂ ದೋಷ ಸೇರುವುದಿಲ್ಲ. ಸೇರುವುದು ವರ್ಗಮೂಲಗಳಿಂದ ಮಾತ್ರ. ಪ್ರತಿ ಸಲವೂ ಅವುಗಳನ್ನು ಕಡಿಮೆಯಾಗಿ ಹಿಡಿದುದರಿಂದ ತ್ರಿಜ್ಯವು ಕುಗ್ಗಿ, ಸುತ್ತಳತೆಯ ಅನುಪಾತವು ಹಿಗ್ಗುತ್ತದೆ. ಒಮ್ಮೆ ಹೆಚ್ಚಾಗಿ ಹಿಡಿದಿದ್ದರೂ ‘ಇದನ್ನು ಮೀರದು’ ಎಂಬ ಖಾತರಿ ತಪ್ಪುತ್ತಿತ್ತು. ಕಡೆಗೆ 96ನ್ನು 153ರಿಂದ ಗುಣಿಸಿದರೆ 14688. ಅದನ್ನು 4673 1/2ರಿಂದ ಭಾಗಿಸಿದಾಗ ಬರುವುದು 3 1/7ಕ್ಕಿಂತ ತುಸುವೇ ಕಡಿಮೆ. ನಾವು ಶಾಲೆಯಲ್ಲಿ ಪೈ ಬೆಲೆಯೆಂದು ಬಳಸುವ 22/7 ಇದೇ. ಆರ್ಕಿಮಿಡೀಸನಿಗೆ ಅದು ಬೆಲೆಯಲ್ಲ, ಮೇಲಿನ ಮಿತಿ. ವೃತ್ತದೊಳಗಿನ 96 ಭುಜಗಳ ಆಕೃತಿಯಿಂದ, ಮತ್ತೆ ಇದೇ ಪ್ರಮೇಯದ ನೆರವಿನಿಂದ, 3 10/71 ಎಂಬ ಕೆಳಗಿನ ಮಿತಿಯನ್ನೂ ಆತನು ಪಡೆದನು.