ನಿರ್ವಹಣೆ, ಸಾಂದರ್ಭಿಕ ನಾಯಕತ್ವ ಮತ್ತು ಸೇವಕ ನಾಯಕತ್ವ

ಗೊತ್ತಾದ ಕಾರ್ಯವೊಂದನ್ನು ಗೊತ್ತಾದ ಅವಧಿಯೊಳಗೆ, ಗೊತ್ತಾದ ವೆಚ್ಚದಲ್ಲಿ, ಅನೇಕರ ಕೈಯಿಂದ ಮಾಡಿಸುವ ವ್ಯವಸ್ಥೆಗೆ ನಿರ್ವಹಣೆಯೆಂದು ಹೆಸರು. ಆ ಕಾರ್ಯವನ್ನು ಮಾಡಬೇಕಾದ ವ್ಯಕ್ತಿಯ ಸಿದ್ಧತೆಯನ್ನು ಅಳೆದು, ಅವನಿಗೆ ಎಷ್ಟು ಹೇಳಬೇಕು, ಎಷ್ಟನ್ನು ಅವನ ವಿವೇಚನೆಗೆ ಬಿಡಬೇಕು ಎಂಬುದನ್ನು ಆಗಾಗ ನಿರ್ಣಯಿಸಿಕೊಳ್ಳುವ ರೀತಿ ಸಾಂದರ್ಭಿಕ ನಾಯಕತ್ವ. ಆ ವ್ಯಕ್ತಿಯ ಬೆಳವಣಿಗೆಯನ್ನೇ ಪ್ರಥಮ ಪ್ರಯೋಜನವೆಂದು ಎಣಿಸಿ, ತನಗೆ ದೊರೆತ ಅಧಿಕಾರವನ್ನು ಅದಕ್ಕೆ ಸಾಧನವಾಗಿ ಇಟ್ಟುಕೊಳ್ಳುವ ನಿಷ್ಠೆ ಸೇವಕ ನಾಯಕತ್ವ. ಪರೀಕ್ಷೆಯ ಉತ್ತರಗಳಲ್ಲಿ ಸಾಮಾನ್ಯವಾಗಿ ಕೊನೆಯ ಎರಡನ್ನು ಒಂದು ಪಂಕ್ತಿಯಲ್ಲಿ ಕೂರಿಸಿ, ನಿರ್ವಹಣೆಯನ್ನು ಎದುರಿನ ಪಂಕ್ತಿಗೆ ತಳ್ಳುವುದುಂಟು. ಈ ವಿಂಗಡಣೆ ಸರಿಯಲ್ಲ. ಸಾಂದರ್ಭಿಕ ನಾಯಕತ್ವವು ಗುರಿಯಲ್ಲಿ ನಿರ್ವಹಣೆಯ ನೆರೆಯಲ್ಲಿಯೇ ಇದೆ. ಗುರಿಯನ್ನೇ ಬದಲಿಸುವುದು ಸೇವಕ ನಾಯಕತ್ವ ಮಾತ್ರ.

ನಿರ್ವಹಣೆಯ ಸ್ವರೂಪವನ್ನು ಮೊದಲು ಸ್ಪಷ್ಟವಾಗಿ ನಿರೂಪಿಸಿದವರಲ್ಲಿ ಫ್ರಾನ್ಸ್ ದೇಶದ ಗಣಿ ಎಂಜಿನಿಯರ್ ಆನ್ರಿ ಫಯೋಲ್ (1841–1925) ಪ್ರಮುಖನು. ದಿವಾಳಿಯ ಅಂಚಿನಲ್ಲಿದ್ದ ಗಣಿ ಮತ್ತು ಲೋಹದ ಕಂಪನಿಯೊಂದರ ಆಡಳಿತವನ್ನು 1888ರಲ್ಲಿ ಕೈಗೆತ್ತಿಕೊಂಡು ಮೂವತ್ತು ವರ್ಷ ನಡೆಸಿದ ಈತನು, 1916ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆಡಳಿತಗಾರನ ಕರ್ತವ್ಯಗಳನ್ನು ಯೋಜನೆ, ಸಂಘಟನೆ, ಆಜ್ಞೆ, ಸಮನ್ವಯ, ನಿಯಂತ್ರಣ ಎಂದು ಐದಾಗಿ ಹೇಳಿದನು. ಇಲ್ಲಿ ದೃಷ್ಟಿಯೆಲ್ಲವೂ ಕಾರ್ಯದ ಮೇಲೆ. ಯಾರು ಮಾಡಿದರು ಎಂಬುದಕ್ಕಿಂತ, ಯೋಜಿಸಿದಂತೆ ಆಯಿತೇ, ಆಗದಿದ್ದರೆ ಎಲ್ಲಿ ತಪ್ಪಿತು ಎಂಬ ಪ್ರಶ್ನೆಗೆ ಪ್ರಾಧಾನ್ಯ. ಇದನ್ನು ಕೀಳಾಗಿ ಕಾಣುವುದು ಈಚಿನ ನಾಯಕತ್ವಸಾಹಿತ್ಯದ ಒಂದು ಚಾಪಲ್ಯ. ಪಾಳಿಯ ಪಟ್ಟಿಯಿಲ್ಲದ ಆಸ್ಪತ್ರೆಯಲ್ಲಿ ಯಾವ ಬಗೆಯ ನಾಯಕತ್ವವೂ ರಾತ್ರಿಯ ರೋಗಿಗೆ ಔಷಧವನ್ನು ತಲುಪಿಸಲಾರದು.

ಸಾಂದರ್ಭಿಕ ನಾಯಕತ್ವದ ಸಿದ್ಧಾಂತವನ್ನು ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ ಎಂಬ ಅಮೆರಿಕದ ಅಧ್ಯಾಪಕರಿಬ್ಬರು 1969ರಲ್ಲಿ, ಬೇರೊಂದು ಹೆಸರಿನಿಂದ, ಮೊದಲು ಮಂಡಿಸಿದರು. ಮಗು ಬೆಳೆದಂತೆಲ್ಲ ತಂದೆತಾಯಿಗಳು ಹಿಡಿತವನ್ನು ಸಡಿಲಿಸುತ್ತಾ ಹೋಗುವ ಕ್ರಮವನ್ನು ಅವರು ಮಾದರಿಯಾಗಿ ಇಟ್ಟುಕೊಂಡಿದ್ದರು. ನಾಯಕನ ನಡವಳಿಕೆಯಲ್ಲಿ ಕೆಲಸವನ್ನು ಕುರಿತ ನಿರ್ದೇಶನ ಒಂದು, ವ್ಯಕ್ತಿಯನ್ನು ಕುರಿತ ಆಸರೆ ಇನ್ನೊಂದು ಎಂಬ ವಿಭಾಗವು ಓಹಿಯೊ ರಾಜ್ಯದ ವಿಶ್ವವಿದ್ಯಾಲಯವೊಂದರ ಹಿಂದಿನ ಸಂಶೋಧನೆಗಳಿಂದ ಆಗಲೇ ಪ್ರಸಿದ್ಧವಾಗಿತ್ತು. ಇವೆರಡರ ಹೆಚ್ಚುಕಡಿಮೆಗಳನ್ನು ಜೋಡಿಸಿದರೆ ನಾಲ್ಕು ಶೈಲಿಗಳಾಗುತ್ತವೆ: ಹೇಳುವುದು, ಒಪ್ಪಿಸುವುದು, ಪಾಲ್ಗೊಳಿಸುವುದು, ವಹಿಸಿಕೊಡುವುದು. ಯಾವ ಶೈಲಿಯೂ ತನ್ನಷ್ಟಕ್ಕೆ ಉತ್ತಮವಲ್ಲ. ಎದುರಿಗಿರುವವನ ಸಾಮರ್ಥ್ಯ ಮತ್ತು ಮನಸ್ಸು ಯಾವ ಮಟ್ಟದಲ್ಲಿವೆಯೋ ಅದಕ್ಕೆ ಹೊಂದಿದ್ದೇ ಉತ್ತಮ. ಈ ಮಟ್ಟವು ವ್ಯಕ್ತಿಯ ಸ್ಥಿರಗುಣವಲ್ಲ, ನಿರ್ದಿಷ್ಟವಾದ ಒಂದು ಕೆಲಸಕ್ಕೆ ಸಂಬಂಧಪಟ್ಟದ್ದು ಎಂಬುದು ಸಿದ್ಧಾಂತದ ಜೀವಾಳ; ಅಭ್ಯಾಸಿಗಳು ಬಹುಮಟ್ಟಿಗೆ ಮರೆಯುವುದೂ ಇದನ್ನೇ.

ಉದಾಹರಣೆಗೆ ಆಸ್ಪತ್ರೆಯ ವಾರ್ಡೊಂದನ್ನು ಕಲ್ಪಿಸಿಕೊಳ್ಳಬಹುದು. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸೊಬ್ಬಳು ರೋಗಿಗೆ ಡ್ರಿಪ್ ಹಾಕಬೇಕಾಗಿದೆ. ಕೈ ನಡುಗುತ್ತಿದೆ, ಲೆಕ್ಕವೂ ಖಚಿತವಿಲ್ಲ. ವಾರ್ಡಿನ ಹಿರಿಯ ಸಿಸ್ಟರ್ ಈಗ ಅವಳ ಅಭಿಪ್ರಾಯವನ್ನು ಕೇಳುತ್ತಾ ನಿಲ್ಲುವುದು ಸೌಜನ್ಯವೆನಿಸಬಹುದಾದರೂ ಉಪಕಾರವಲ್ಲ. ಐನೂರು ಮಿಲಿಲೀಟರ್ ದ್ರವ ನಾಲ್ಕು ಗಂಟೆಯಲ್ಲಿ ಹೋಗಬೇಕು, ಈ ನಳಿಕೆಯಲ್ಲಿ ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್, ಆದ್ದರಿಂದ ನಿಮಿಷಕ್ಕೆ 42 ಹನಿ ಎಂದು ನೇರವಾಗಿ ಹೇಳಿ, ಹತ್ತಿರ ನಿಂತು ಎಣಿಸಿ ನೋಡುವುದೇ ಸರಿಯಾದ ಶೈಲಿ. ಕೆಲವು ದಿನಗಳ ಮೇಲೆ ಅವಳು ಉತ್ಸಾಹಗೊಂಡಿದ್ದಾಳೆ, ಆದರೆ ಲೆಕ್ಕ ಇನ್ನೂ ಕೈವಶವಾಗಿಲ್ಲ. ಆಗ ನಿರ್ದೇಶನವನ್ನು ಕಡಮೆ ಮಾಡದೆ, 42 ಏಕೆ, 500ನ್ನು 20ರಿಂದ ಗುಣಿಸಿ 240 ನಿಮಿಷಗಳಿಂದ ಭಾಗಿಸಿದ್ದು ಏಕೆ ಎಂಬ ಕಾರಣವನ್ನೂ ವಿವರಿಸಿ, ಅವಳ ಪ್ರಶ್ನೆಗಳಿಗೆ ಎಡೆಗೊಡಬೇಕು. ಮುಂದೊಂದು ಹಂತದಲ್ಲಿ ಅವಳಿಗೆ ಎಲ್ಲವೂ ಗೊತ್ತಿರುತ್ತದೆ, ರಾತ್ರಿಪಾಳಿಯಲ್ಲಿ ಒಬ್ಬಳೇ ಇರಲು ಮಾತ್ರ ಅಂಜುತ್ತಾಳೆ. ಆ ಹೊತ್ತಿನಲ್ಲಿ ಲೆಕ್ಕವನ್ನು ಮತ್ತೆ ಹೇಳಿಕೊಡುವುದು ಅವಳ ಅಂಜಿಕೆಯನ್ನು ಹೆಚ್ಚಿಸೀತು. ನೀನಾದರೆ ಏನು ಮಾಡುತ್ತೀಯಮ್ಮ ಎಂದು ಕೇಳಿ, ಅವಳ ನಿರ್ಣಯವನ್ನೇ ಅವಳಿಗೆ ದೃಢಪಡಿಸಬೇಕು. ಕೊನೆಗೆ ಕೆಲಸವನ್ನು ಅವಳಿಗೇ ಒಪ್ಪಿಸಿ, ವರದಿಯನ್ನಷ್ಟೇ ಕೇಳಿದರೆ ಸಾಕು. ಹೀಗೆ ಡ್ರಿಪ್ಪಿನಲ್ಲಿ ಪಳಗಿದ ಅದೇ ನರ್ಸು, ನಾಳೆ ಔಷಧದ ದಾಸ್ತಾನಿನ ಇಂಡೆಂಟ್ ಬರೆಯಲು ಕುಳಿತಾಗ ಮತ್ತೆ ಮೊದಲ ಮೆಟ್ಟಿಲಿನವಳೇ.

ಹೊಂದಾಣಿಕೆ ತಪ್ಪಿದುದನ್ನು ಗುರುತಿಸುವುದು ಕಷ್ಟವಲ್ಲ. ಅನನುಭವಿಗೆ ಕೆಲಸವನ್ನು ವಹಿಸಿಬಿಟ್ಟಲ್ಲಿ ತಪ್ಪುಗಳು ತಡವಾಗಿ, ಬೇರೆಯವರ ಬಾಯಿಂದ ತಿಳಿಯುತ್ತವೆ. ಕೇಳಿದರೆ ಹೇಗೆಂದುಕೊಳ್ಳುವರೋ ಎಂಬ ಸಂಕೋಚದಿಂದ ಆಕೆ ಊಹೆಯ ಮೇಲೆ ನಡೆದಿರುತ್ತಾಳೆ. ಪರಿಣತಳಿಗೆ ಪ್ರತಿಯೊಂದನ್ನೂ ಹೇಳುತ್ತಾ ನಿಂತಲ್ಲಿ ತಪ್ಪುಗಳು ಕಾಣುವುದಿಲ್ಲ, ಮಾತು ನಿಲ್ಲುತ್ತದೆ: ಹೇಳಿದಷ್ಟನ್ನು ಮಾಡಿ, ಹೇಳದಿದ್ದುದನ್ನು ಕಂಡರೂ ಕಾಣದಂತೆ ಆಕೆ ಸುಮ್ಮನಾಗುತ್ತಾಳೆ. ಎರಡನೆಯದು ಹೆಚ್ಚು ಅಪಾಯಕರವೆಂದು ನನ್ನ ಎಣಿಕೆ, ಏಕೆಂದರೆ ಅದು ದಾಖಲೆಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ಸೇವಕ ನಾಯಕತ್ವದ ಪ್ರವರ್ತಕ ರಾಬರ್ಟ್ ಗ್ರೀನ್‌ಲೀಫ್ (1904–1990) ವಿಶ್ವವಿದ್ಯಾಲಯದ ವಿದ್ವಾಂಸನಲ್ಲ. ಅಮೆರಿಕದ ಬೃಹತ್ ದೂರವಾಣಿ ಸಂಸ್ಥೆಯಲ್ಲಿ 1926ರಿಂದ 1964ರವರೆಗೆ ದುಡಿದು, ಅಲ್ಲಿಯ ಅಧಿಕಾರಿಗಳ ತರಬೇತಿಯ ಹೊಣೆಯನ್ನು ಹೊತ್ತು ನಿವೃತ್ತನಾದವನು. ನಾಯಕನನ್ನು ಸೇವಕನಾಗಿ ಕಾಣಿಸಿದ ಆತನ ಪ್ರಬಂಧ 1970ರಲ್ಲಿ ಹೊರಬಂದಿತು. ಅದರ ಮೊದಲ ಪ್ರೇರಣೆ ಹೆರ್ಮನ್ ಹೆಸ್ಸೆಯ ‘ಪೂರ್ವದೇಶದ ಯಾತ್ರೆ’ ಎಂಬ ಜರ್ಮನ್ ಕಥೆಯೆಂದು ಆತನೇ ತಿಳಿಸಿದ್ದಾನೆ: ಯಾತ್ರಿಕರ ತಂಡದಲ್ಲಿ ಚಿಲ್ಲರೆ ಕೆಲಸಗಳನ್ನು ಮಾಡಿಕೊಂಡಿದ್ದ ಲಿಯೊ ಎಂಬ ಆಳು ಮಾಯವಾದೊಡನೆ ತಂಡವು ಚೆಲ್ಲಾಪಿಲ್ಲಿಯಾಗುತ್ತದೆ, ಯಾತ್ರೆಯನ್ನು ಏರ್ಪಡಿಸಿದ್ದ ಸಂಘದ ಮುಖ್ಯಸ್ಥನೇ ಆತನೆಂಬುದು ಬಹುಕಾಲದ ಮೇಲೆ ತಿಳಿಯುತ್ತದೆ. ಗ್ರೀನ್‌ಲೀಫನು ಕೊಟ್ಟ ಪರೀಕ್ಷೆ ಕಾರ್ಯದ ಫಲಿತಾಂಶವನ್ನು ಕುರಿತದ್ದಲ್ಲ. ಸೇವೆ ಪಡೆದವರು ವ್ಯಕ್ತಿಗಳಾಗಿ ಬೆಳೆದರೇ, ಇನ್ನಷ್ಟು ವಿವೇಕಿಗಳೂ ಸ್ವತಂತ್ರರೂ ಆದರೇ, ತಾವೂ ಮುಂದೆ ಸೇವಕರಾಗುವ ಸಂಭವ ಹೆಚ್ಚಿತೇ, ಸಮಾಜದಲ್ಲಿ ಎಲ್ಲರಿಗಿಂತ ಹಿಂದುಳಿದವರಿಗೆ ಇದರಿಂದ ಒಳಿತಾಯಿತೇ, ಕಡೆಯಪಕ್ಷ ಇನ್ನಷ್ಟು ಕೆಡುಕಾಗದೆ ಉಳಿಯಿತೇ ಎಂಬುದು ಅದರ ಸಾರ.

ಗ್ರೀನ್‌ಲೀಫನು ನಿದರ್ಶನವಾಗಿ ಎತ್ತಿಕೊಂಡ ಜಾನ್ ವುಲ್ಮನ್ (1720–1772) ಎಂಬಾತನ ಚರಿತ್ರೆಯನ್ನು ನೋಡಿದರೆ ತತ್ತ್ವವು ಹೆಚ್ಚು ಸ್ಫುಟವಾಗುತ್ತದೆ. ನ್ಯೂ ಜರ್ಸಿಯ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ ಕ್ವೇಕರ್ ಎಂಬ ಕ್ರೈಸ್ತಪಂಥದ ಈ ತರುಣನಿಗೆ ಯಜಮಾನನು ಒಂದು ದಿನ ಗುಲಾಮ ಹೆಂಗಸೊಬ್ಬಳ ಮಾರಾಟದ ಪತ್ರವನ್ನು ಬರೆಯಲು ಹೇಳಿದನು. ಬರೆದುಕೊಟ್ಟನಾದರೂ, ಇದು ತಮ್ಮ ಧರ್ಮಕ್ಕೆ ಒಪ್ಪುವ ಕೃತ್ಯವಲ್ಲವೆಂದು ಅಲ್ಲಿಯೇ ನುಡಿದನು. ಮುಂದೆ ಅಂಥ ಪತ್ರವನ್ನು ಬರೆಯಲು ಒಪ್ಪಲಿಲ್ಲ. ಆಗ ಅನುಕೂಲಸ್ಥರಾದ ಕ್ವೇಕರರಲ್ಲಿ ಅನೇಕರು ಗುಲಾಮರ ಒಡೆಯರು. ವುಲ್ಮನ್ನನು ಅವರ ಮೇಲೆ ಕೂಗಾಡಲಿಲ್ಲ. ಪಂಥವನ್ನು ಒಡೆಯಲೂ ಇಲ್ಲ. ವರ್ಷಗಟ್ಟಲೆ ಊರಿಂದೂರಿಗೆ ಪ್ರಯಾಣ ಮಾಡಿ, ಒಬ್ಬೊಬ್ಬರ ಮನೆಯಲ್ಲಿಯೂ ಕುಳಿತು, ಈ ಪದ್ಧತಿ ನಿಮ್ಮ ಮಕ್ಕಳಿಗೆ ಯಾವ ಗುಣವನ್ನು ಕಲಿಸುತ್ತಿದೆ ಎಂದು ಶಾಂತವಾಗಿ ವಿಚಾರಿಸಿದನು; ತಾನು ಅತಿಥಿಯಾಗಿ ಇಳಿದ ಮನೆಯ ಗುಲಾಮರ ಸೇವೆಗೆ ಹಣ ಕೊಟ್ಟೇ ಹೊರಟನು. ಗುಲಾಮರ ಒಡೆಯರನ್ನು ಮನೆಮನೆಗೆ ಹೋಗಿ ಕಾಣತಕ್ಕದ್ದೆಂದು ಫಿಲಡೆಲ್ಫಿಯದ ಕ್ವೇಕರರ ವಾರ್ಷಿಕ ಸಭೆಯು 1758ರಲ್ಲಿ ನಿಶ್ಚಯಿಸಿದಾಗ ಆ ಕೆಲಸಕ್ಕೆ ನಿಯುಕ್ತರಾದವರಲ್ಲಿ ಈತನೂ ಒಬ್ಬ. ಅದೇ ಸಭೆಯು 1776ರಲ್ಲಿ, ಗುಲಾಮರನ್ನು ಬಿಡದವರಿಗೆ ಪಂಥದಲ್ಲಿ ಸ್ಥಾನವಿಲ್ಲವೆಂದು ವಿಧಿಸಿತು. ಅಷ್ಟರಲ್ಲಿ ವುಲ್ಮನ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಈ ಚರಿತ್ರೆಗೆ ಆಸ್ಪತ್ರೆಯ ಉದಾಹರಣೆಯನ್ನು ಎದುರಿಟ್ಟರೆ ಭೇದವು ತಾನಾಗಿಯೇ ತೋರುತ್ತದೆ. ವುಲ್ಮನ್ನನಿಗೆ ಆಜ್ಞಾಪಿಸುವ ಪದವಿಯಿರಲಿಲ್ಲ, ಮುಗಿಸಬೇಕಾದ ಪಾಳಿಯಿರಲಿಲ್ಲ; ಎದುರಿನವನು ತನ್ನ ನಿರ್ಣಯವನ್ನು ತಾನೇ ಮಾಡಲು ಸಮರ್ಥನಾಗುವುದೇ ಅವನಿಗೆ ಫಲವಾಗಿತ್ತು. ಹಿರಿಯ ಸಿಸ್ಟರಿಗಾದರೋ ಡ್ರಿಪ್ಪು ಸರಿಯಾಗಿ ನಡೆಯಬೇಕು. ನರ್ಸಿನ ಬೆಳವಣಿಗೆ ಅದರ ದಾರಿ. ಅವಳು ಸಾಂದರ್ಭಿಕ ನಾಯಕಿಯಷ್ಟೇ ಆಗಿದ್ದಲ್ಲಿ, ನರ್ಸು ಪರಿಣತಳಾದ ದಿನವೇ ಅವಳ ಕಾಳಜಿ ಮುಗಿಯಲು ಅಡ್ಡಿಯಿಲ್ಲ. ಸೇವಕಭಾವದವಳಾಗಿದ್ದಲ್ಲಿ, ಈ ಹುಡುಗಿ ಉಚ್ಚ ವ್ಯಾಸಂಗಕ್ಕೆ ಹೋದರೆ ತನ್ನ ವಾರ್ಡಿಗೆ ಒಂದು ಕೈ ಕಡಮೆಯಾಗುವುದೆಂದು ತಿಳಿದೂ ಅವಳ ಅರ್ಜಿಗೆ ಶಿಫಾರಸು ಬರೆಯುತ್ತಾಳೆ. ಆ ಬಳಿಕ ಖಾಲಿಯಾದ ಪಾಳಿಯನ್ನು ಯಾರಿಂದ ತುಂಬಿಸುವುದು ಎಂಬುದು ಮತ್ತೆ ಶುದ್ಧ ನಿರ್ವಹಣೆಯ ಪ್ರಶ್ನೆ. ಮೂರೂ ಒಬ್ಬಳದೇ ಮೇಜಿನ ಮೇಲಿರುವುವು. ಸಂಕ್ಷೇಪವಾಗಿ ಉತ್ತರಿಸಬೇಕಾದವರು, ನಿರ್ವಾಹಕನು ಕಾರ್ಯವನ್ನೂ, ಸಾಂದರ್ಭಿಕ ನಾಯಕನು ಆ ಕಾರ್ಯಕ್ಕೆ ವ್ಯಕ್ತಿಯ ಸಿದ್ಧತೆಯನ್ನೂ, ಸೇವಕ ನಾಯಕನು ಕಾರ್ಯದಿಂದಾಚೆಗೂ ಆ ವ್ಯಕ್ತಿಯ ಏಳಿಗೆಯನ್ನೂ ಮೊದಲು ನೋಡುತ್ತಾನೆಂದು ಬರೆದು, ಒಂದು ಉದಾಹರಣೆಯನ್ನು ಕೊಟ್ಟರೆ ಸಾಲುವುದು. ಸದ್ಗುಣಗಳ ಪಟ್ಟಿ ಅನಾವಶ್ಯಕ.

ಎರಡು ಸಿದ್ಧಾಂತಗಳಿಗೂ ಮಿತಿಗಳಿವೆ. ಸಾಂದರ್ಭಿಕ ನಾಯಕತ್ವವನ್ನು ಪ್ರೌಢಶಾಲೆಯ ಉಪಾಧ್ಯಾಯರ ನಡುವೆ ಪರಿಶೀಲಿಸಿ ರಾಬರ್ಟ್ ವೆಚ್ಚಿಯೊ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸಬರಿಗೆ ಹತ್ತಿರದ ನಿರ್ದೇಶನ ಬೇಕೆಂಬ ಭಾಗಕ್ಕೆ ಆಧಾರ ಸಿಕ್ಕಿತು. ಪರಿಣತರನ್ನು ಕುರಿತ ಭಾಗಕ್ಕೆ ಸಿಗಲಿಲ್ಲ. ಇದಲ್ಲದೆ ಪ್ರವರ್ತಕರಿಬ್ಬರೂ ಮುಂದೆ ಬೇರೆಬೇರೆ ದಾರಿ ಹಿಡಿದರು. ಹೊಸಬನು ಅಂಜುತ್ತಲೋ ಒಲ್ಲದ ಮನಸ್ಸಿನಿಂದಲೋ ಆರಂಭಿಸುವನೆಂದು ಹರ್ಸಿಯೂ, ಉತ್ಸಾಹದಿಂದ ಆರಂಭಿಸಿ ಎರಡನೆಯ ಹಂತದಲ್ಲಿ ನಿರಾಶನಾಗುವನೆಂದು ಬ್ಲಾಂಚರ್ಡನೂ ಹೇಳುವುದರಿಂದ, ಯಾವ ನಕ್ಷೆಯನ್ನು ಹಿಡಿದಿದ್ದೇವೆ ಎಂಬುದನ್ನು ಓದುಗನು ಮೊದಲು ನೋಡಿಕೊಳ್ಳಬೇಕಾಗುತ್ತದೆ. ಸೇವಕ ನಾಯಕತ್ವದ ತೊಡಕು ಬೇರೆ ತೆರನದು. ಅದರ ಪರೀಕ್ಷೆಯ ಫಲ ತಿಂಗಳ ಕೊನೆಯ ವರದಿಯಲ್ಲಿ ಬರುವಂಥದ್ದಲ್ಲ; ಎಲ್ಲರ ಬೇಡಿಕೆಗೂ ಹೂಂಗುಟ್ಟುವ ದೌರ್ಬಲ್ಯವು ಅದರ ವೇಷವನ್ನು ಸುಲಭವಾಗಿ ಧರಿಸಬಲ್ಲುದು. ರಜೆ ಕೇಳಿದವರಿಗೆಲ್ಲ ರಜೆ ಕೊಡುವ ಸಿಸ್ಟರು ಬಂದವರ ಪಾಲಿಗೆ ದಯಾಮಯಿಯಾಗಿ ಕಂಡರೂ, ಆ ರಜೆಯ ಭಾರ ಬೀಳುವುದು ಕೇಳಲು ಬಾರದೆ ಉಳಿದ ನರ್ಸಿನ ಮೇಲೆ ಮತ್ತು ಹಾಸಿಗೆಯಲ್ಲಿ ಮಲಗಿರುವ ರೋಗಿಯ ಮೇಲೆ. ಎಲ್ಲರಿಗಿಂತ ಹಿಂದುಳಿದವರ ಗತಿಯೇನು ಎಂದು ಗ್ರೀನ್‌ಲೀಫನು ಕೇಳುವ ಪ್ರಶ್ನೆಯಲ್ಲಿ ಅವಳು ಸೋಲುತ್ತಾಳೆ.