ಧ್ರುವ ಪದವಿ

ಈಚೆಗೆ ಒಂದು ಸನ್ಮಾನ ಸಮಾರಂಭದಲ್ಲಿ ನಿರೂಪಕರು ಹಿರಿಯರೊಬ್ಬರನ್ನು ಪರಿಚಯಿಸುತ್ತ, ‘ನಾಡಿನ ಸಾಂಸ್ಕೃತಿಕ ಬಾನಿನಲ್ಲಿ ಧ್ರುವತಾರೆಯಂತೆ ಉದಯಿಸಿ, ಪ್ರಖರವಾಗಿ ಬೆಳಗುತ್ತಿರುವವರು’ ಎಂದರು. ಜನ ಚಪ್ಪಾಳೆ ತಟ್ಟಿದರು. ನನ್ನ ಮನಸ್ಸು ಮಾತ್ರ ‘ಉದಯಿಸಿ’ ಎಂಬಲ್ಲೇ ನಿಂತುಬಿಟ್ಟಿತು. ಉಳಿದ ತಾರೆಗಳು ಹುಟ್ಟಿ ಮುಳುಗುವಾಗ ತಾನು ಹುಟ್ಟದೆ ಮುಳುಗದೆ ಇರುವುದಕ್ಕೇ ಅಲ್ಲವೆ ಅದು ಧ್ರುವ? ‘ಪ್ರಖರ’ವೂ ಸರಿಯಲ್ಲ. ಅದು ಎರಡನೆಯ ದರ್ಜೆಯ ಬೆಳಕಿನ ನಕ್ಷತ್ರ. ಅದಕ್ಕಿಂತ ಚೆನ್ನಾಗಿ ಹೊಳೆಯುವ ನಕ್ಷತ್ರಗಳು ನಲವತ್ತಕ್ಕೂ ಹೆಚ್ಚಿವೆ. ಆದರೂ ಪತ್ರಿಕೆಗಳ ಶ್ರದ್ಧಾಂಜಲಿ ಪುಟದಲ್ಲಿ ಧ್ರುವತಾರೆ ಯಾವಾಗಲೂ ಪ್ರಜ್ವಲಿಸುತ್ತಲೇ ಇರುತ್ತದೆ. ಟೀವಿಯವರ ‘ಮತಗಳ ಧ್ರುವೀಕರಣ’ ಇನ್ನೊಂದು ಬಗೆ. ಕದಲದೆ ನಿಂತ ಒಂದನ್ನು ಹೇಳುತ್ತಿದ್ದ ಮಾತು ಈಗ ಜನ ಎರಡು ಕಡೆಗೆ ಹೋಳಾಗುವುದನ್ನು ಹೇಳುತ್ತಿದೆ.

ಧ್ರುವ ಎಂಬ ಮಾತಿನ ಧಾತುವನ್ನು ನಿಘಂಟಿನವರಿಗೆ ಬಿಡುತ್ತೇನೆ. ನನಗೆ ಬೇಕಾಗಿರುವುದು ಬೇರೆ. ಧ್ರುವ ಎಂಬುದು ಒಂದು ನಕ್ಷತ್ರದ ಹೆಸರಲ್ಲ, ಒಂದು ಪದವಿಯ ಹೆಸರು ಎಂಬುದು ನನ್ನ ಬಹುಕಾಲದ ವಾದ. ಭೂಮಿಯ ಅಕ್ಷವನ್ನು ಉತ್ತರಕ್ಕೆ ಆಕಾಶದವರೆಗೆ ಚಾಚಿದರೆ ಅದು ಮುಟ್ಟುವ ಜಾಗ ಆ ಪದವಿ. ಆ ಜಾಗದ ಹತ್ತಿರ ಯಾವ ನಕ್ಷತ್ರವಿದ್ದರೆ ಅದೇ ಆ ಕಾಲದ ಧ್ರುವ. ಕೆಲವು ಕಾಲ ಆ ಪದವಿ ಖಾಲಿ ಬಿದ್ದಿರುವುದೂ ಉಂಟು.

ಜಾಗ ಬದಲಾಗುವುದು ಭೂಮಿಯ ಆಕಾರದಿಂದ. ಭೂಮಿ ನಡುವಿನಲ್ಲಿ ಉಬ್ಬಿದೆ. ಕೇಂದ್ರದಿಂದ ಸಮಭಾಜಕಕ್ಕಿರುವ ದೂರ ಧ್ರುವಕ್ಕಿರುವ ದೂರಕ್ಕಿಂತ ಸುಮಾರು 21 ಕಿಲೋಮೀಟರ್ ಹೆಚ್ಚು. ಈ ಉಬ್ಬು ಭೂಮಿ ಸೂರ್ಯನನ್ನು ಸುತ್ತುವ ಸಮತಲದಲ್ಲಿ ಇಲ್ಲ, ಇಪ್ಪತ್ತಮೂರೂವರೆ ಡಿಗ್ರಿಯಷ್ಟು ಓರೆಯಾಗಿದೆ. ಸೂರ್ಯ ಚಂದ್ರರು ಉಬ್ಬಿನ ಹತ್ತಿರದ ಬದಿಯನ್ನು ದೂರದ ಬದಿಗಿಂತ ತುಸು ಜೋರಾಗಿ ಸೆಳೆದು, ಆ ಓರೆಯನ್ನು ನೆಟ್ಟಗೆ ಮಾಡಲು ನೋಡುತ್ತಾರೆ. ಇದರಲ್ಲಿ ಚಂದ್ರನ ಪಾಲು ಸೂರ್ಯನ ಪಾಲಿನ ಎರಡರಷ್ಟು. ತಿರುಗುತ್ತಿರುವ ವಸ್ತು ಇಂಥ ಸೆಳೆತಕ್ಕೆ ನೇರವಾಗಿ ಬಗ್ಗುವುದಿಲ್ಲ, ಪಕ್ಕಕ್ಕೆ ಹೊರಳುತ್ತದೆ. ವಾಲಿದ ಬುಗುರಿ ಬೀಳದೆ ತಲೆಯನ್ನು ದುಂಡಗೆ ಆಡಿಸುವುದು ಹೀಗೆಯೇ. ಭೂಮಿಯ ಅಕ್ಷವೂ ತನ್ನ ಓರೆಯನ್ನು ಹೆಚ್ಚುಕಡಿಮೆ ಹಾಗೇ ಇಟ್ಟುಕೊಂಡು ಆಕಾಶದಲ್ಲಿ ಒಂದು ದೊಡ್ಡ ವೃತ್ತ ಎಳೆಯುತ್ತದೆ. ಒಂದು ಸುತ್ತಿಗೆ ಸುಮಾರು 25,800 ವರ್ಷ. ಹುಣ್ಣಿಮೆ ಚಂದ್ರನ ಅಗಲದಷ್ಟು ಜಾಗ ಸರಿಯಲು ಸುಮಾರು 90 ವರ್ಷ ಹಿಡಿಯುತ್ತದೆ. ಒಬ್ಬನ ಆಯುಷ್ಯದಲ್ಲಿ ಬರಿಗಣ್ಣಿಗೆ ಇದು ಗೊತ್ತಾಗುವುದಿಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ಜ್ಯೋತಿರ್ವಿದ ಹಿಪಾರ್ಕಸ್, ತನಗಿಂತ ಸುಮಾರು ನೂರೈವತ್ತು ವರ್ಷ ಹಿಂದಿನ ಟಿಮೋಕಾರಿಸ್‌ನ ಅಳತೆಗಳನ್ನು ತನ್ನವುಗಳ ಪಕ್ಕದಲ್ಲಿಟ್ಟು ನೋಡಿದ. ನಾವು ಚಿತ್ತಾ ಎನ್ನುವ ನಕ್ಷತ್ರ ವಿಷುವ ಬಿಂದುವಿಗೆ ಹೋಲಿಸಿದರೆ ಸುಮಾರು ಎರಡು ಡಿಗ್ರಿ ಸರಿದಿತ್ತು. ಚಲನೆ ಅವನಿಗೆ ಸಿಕ್ಕಿದ್ದು ಹಾಗೆ. ಅದರ ಕಾರಣ ತಿಳಿಯಲು 1687ರ ನ್ಯೂಟನ್‌ವರೆಗೆ ಕಾಯಬೇಕಾಯಿತು.

ನಮ್ಮ ಮದುವೆಗಳಿಗೂ ಇದಕ್ಕೂ ಸಂಬಂಧವಿದೆ. ಈಗಿನ ಛತ್ರಗಳಲ್ಲಿ ಹಗಲು ಹನ್ನೊಂದಕ್ಕೆ ಪುರೋಹಿತರು ಚಾವಣಿಯ ಕಡೆ ಬೆರಳು ತೋರಿಸಿ, ಧ್ರುವನನ್ನೂ ಅರುಂಧತಿಯನ್ನೂ ಒಂದೇ ಉಸಿರಿಗೆ ಮುಗಿಸಿಬಿಡುತ್ತಾರೆ. ನಾನು ಚಿಕ್ಕವನಿದ್ದಾಗ ಮಲೆನಾಡಿನಲ್ಲಿ ಚಿಕ್ಕಪ್ಪನ ಮಗಳ ಮದುವೆ ಹಾಗಾಗಲಿಲ್ಲ. ರಾತ್ರಿ ಊಟದ ಎಲೆ ಎತ್ತಿದ ಮೇಲೆ ಶಾಸ್ತ್ರಿಗಳು ಮದುಮಕ್ಕಳನ್ನು ಅಂಗಳಕ್ಕೆ ಕರೆದರು. ಚಪ್ಪರದ ಗ್ಯಾಸ್‌ಲೈಟನ್ನು ಒಳಗೆ ಒಯ್ಯಿಸಿ, ಕಣ್ಣು ಕತ್ತಲೆಗೆ ಹೊಂದಲಿ ಎಂದು ಕೊಂಚ ಹೊತ್ತು ಎಲ್ಲರನ್ನೂ ಸುಮ್ಮನೆ ನಿಲ್ಲಿಸಿದರು. ಆಮೇಲೆ ಉತ್ತರಕ್ಕೆ ತೋರಿಸಿದರು. ಉತ್ತರಕ್ಕೆ ಇದ್ದದ್ದು ಅಡಿಕೆ ತೋಟ, ಅದರ ಹಿಂದೆ ಗುಡ್ಡ. ಆ ಸೀಮೆಯಲ್ಲಿ ಧ್ರುವ ಇರುವುದು ದಿಗಂತದಿಂದ ಹದಿನಾಲ್ಕು ಡಿಗ್ರಿ ಮೇಲೆ, ಅಂದರೆ ಮರಗಳ ತಲೆಯ ಮರೆಯಲ್ಲಿ.

‘ಕಾಣ್ತದೇನಮ್ಮಾ?’ ಎಂದರು ಶಾಸ್ತ್ರಿಗಳು.

‘ಇಲ್ಲ, ತೋಟ ಅಡ್ಡ ಬರ್ತದೆ.’

‘ಕಾಣ್ತದೆ ಅನ್ನು ಮಗೂ. ಕಾಣದಿದ್ದರೂ ಹಾಗೇ ಹೇಳಬೇಕು ಅಂತ ಇದೆ.’

ಅಕ್ಕ ಅತ್ತೆಯ ಮುಖ ನೋಡಿ ‘ಕಾಣ್ತದೆ’ ಎಂದಳು. ಯಾರೋ ನಕ್ಕರು. ಶಾಸ್ತ್ರಿಗಳು ಅದನ್ನು ಆ ಹೊತ್ತಿಗೆ ಹೊಳೆದ ಉಪಾಯವಾಗಿ ಹೇಳಿರಲಿಲ್ಲ. ಪಾರಸ್ಕರ ಗೃಹ್ಯಸೂತ್ರದಲ್ಲಿ ಈ ವಿಧಿ ಇದೆ: ಸೂರ್ಯ ಮುಳುಗಿದ ಮೇಲೆ ವಧುವಿಗೆ ಧ್ರುವನನ್ನು ತೋರಿಸಬೇಕು, ಅವಳಿಗೆ ಕಾಣದೆ ಹೋದರೂ ಕಾಣುತ್ತಿದೆ ಎಂದೇ ಹೇಳಬೇಕು. ಮೋಡ ಕವಿದ ರಾತ್ರಿಗಾಗಿ ಇಟ್ಟ ವಿನಾಯಿತಿ ಇದು ಎಂದು ಯಾರಾದರೂ ಹೇಳಬಹುದು. ನಾನು ಒಪ್ಪುವುದಿಲ್ಲ. ತೋರಿಸಲು ಅಲ್ಲಿ ನಕ್ಷತ್ರವೇ ಇಲ್ಲದ ಕಾಲದವರು ಬರೆದಿಟ್ಟ ವಾಕ್ಯ ಇದು ಎಂದೇ ನನ್ನ ನಂಬಿಕೆ.

ಗೃಹ್ಯಸೂತ್ರಗಳು ರಚನೆಯಾದದ್ದು ಕ್ರಿಸ್ತಪೂರ್ವದ ಕೊನೆಯ ಸಾವಿರ ವರ್ಷಗಳಲ್ಲಿ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಆ ಸಾವಿರ ವರ್ಷಗಳಲ್ಲಿ ಆಕಾಶದ ಧ್ರುವಬಿಂದುವಿನ ಬಳಿ ಎದ್ದು ಕಾಣುವ ನಕ್ಷತ್ರ ಒಂದೂ ಇರಲಿಲ್ಲ. ಇಂದಿನ ಧ್ರುವ ಒಂದು ತುದಿಯಲ್ಲಿರುವ ಲಘು ಸಪ್ತರ್ಷಿ ಪುಂಜದ ಇನ್ನೊಂದು ತುದಿಯ ಕೊಚಾಬ್ ಅದರ ಹತ್ತಿರ ಸುಳಿಯಿತು, ಆದರೆ ಸುಮಾರು 7 ಡಿಗ್ರಿಗಿಂತ ಹತ್ತಿರಕ್ಕೆ ಎಂದೂ ಬರಲಿಲ್ಲ. ಇನ್ನೂ ಹಿಂದೆ, ಕ್ರಿಸ್ತಪೂರ್ವ 2800ರ ಸುಮಾರಿಗೆ ಹೋದರೆ ಚಿತ್ರವೇ ಬೇರೆ. ಡ್ರೇಕೋ ಎಂಬ ಸರ್ಪಾಕಾರದ ಪುಂಜದ ಥುಬಾನ್ ಆಗ ಧ್ರುವಬಿಂದುವಿಗೆ ಅಂಟಿಕೊಂಡಂತೆ ಇತ್ತು, ಚಂದ್ರಬಿಂಬದ ಅರ್ಧ ಅಗಲಕ್ಕಿಂತಲೂ ಹತ್ತಿರ. ಅದು ಮಂಕು ನಕ್ಷತ್ರ. ಆದರೆ ರಾತ್ರಿಯಿಡೀ ನೋಡಿದರೂ ಕದಲದು. ಸ್ಥಿರವಾಗಿ ನಿಲ್ಲು ಎಂದು ಮದುಮಗಳಿಗೆ ಹರಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಪದ್ಧತಿ ಹುಟ್ಟಿದ್ದು ಥುಬಾನ್ ಕಾಲದಲ್ಲಿ. ನಕ್ಷತ್ರ ಜಾರಿತು, ಪದ್ಧತಿ ಉಳಿಯಿತು.

ಈ ಎಳೆಯನ್ನು ಮೊದಲು ಹಿಡಿದವನು ನಾನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಹರ್ಮನ್ ಯಾಕೋಬಿ ಇದೇ ಮದುವೆಯ ವಿಧಿಯನ್ನು ಎತ್ತಿಕೊಂಡು ವಾದಿಸಿದ್ದರು. 2011ರಲ್ಲಿ ಬೆಂಗಳೂರಿನ ಆರ್.ಎನ್. ಅಯ್ಯಂಗಾರ್ ಅವರು ವೈದಿಕ ಗ್ರಂಥಗಳ ಶಿಶುಮಾರ ಎಂಬ ನಕ್ಷತ್ರಾಕೃತಿ ಡ್ರೇಕೋ ಪುಂಜವೇ, ಅದರ ಬಾಲದಲ್ಲಿರುವ ಧ್ರುವ ಥುಬಾನೇ ಎಂದು ತೋರಿಸುವ ಪ್ರಬಂಧ ಬರೆದರು. ಒಪ್ಪದವರ ಮಾತು ಹೀಗಿದೆ: ಮದುವೆಮನೆಯವರೇನು ಜ್ಯೋತಿರ್ವಿದರಲ್ಲ, ಉತ್ತರಕ್ಕೆ ಹತ್ತಿರ ಕಂಡ ಯಾವುದೋ ಒಂದು ನಕ್ಷತ್ರ ಅವರಿಗೆ ಸಾಕಿತ್ತು.

ಸಾಕಾಗುತ್ತಿತ್ತೆ? ಬನವಾಸಿಯಲ್ಲಿ ನಿಂತು ನೋಡೋಣ. ಕದಂಬರ ಮಯೂರವರ್ಮನ ಕಾಲ, ನಾಲ್ಕನೆಯ ಶತಮಾನದ ನಡುಭಾಗ. ಊರಿನ ಅಕ್ಷಾಂಶ ಎಷ್ಟೋ ಅಷ್ಟೇ ಎತ್ತರದಲ್ಲಿ ಅಲ್ಲಿನ ಆಕಾಶದ ಧ್ರುವಬಿಂದು ಇರುತ್ತದೆ. ಬನವಾಸಿಗೆ ಅದು ಹದಿನಾಲ್ಕೂವರೆ ಡಿಗ್ರಿ. ಇಂದು ನಾವು ಧ್ರುವ ಎನ್ನುವ ನಕ್ಷತ್ರ ಆಗ ಆ ಬಿಂದುವಿನಿಂದ ಸುಮಾರು 10 ಡಿಗ್ರಿ ದೂರದಲ್ಲಿತ್ತು. ಕೈ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಹತ್ತಿರ ಹತ್ತಿರ ಅಷ್ಟೇ. ಹಾಗಾಗಿ ಒಂದು ಸುತ್ತಿನಲ್ಲಿ ಅದು ದಿಗಂತದಿಂದ ಬರೀ ನಾಲ್ಕೈದು ಡಿಗ್ರಿಗೆ ಇಳಿದು, ಮತ್ತೆ ಇಪ್ಪತ್ತನಾಲ್ಕು ಡಿಗ್ರಿಗೆ ಏರುತ್ತಿತ್ತು. ಸಂಜೆ ಉತ್ತರದ ಬಲಕ್ಕೆ ಒಂದು ಮುಷ್ಟಿ ಕಂಡದ್ದು ಬೆಳಗಿನ ಜಾವಕ್ಕೆ ಎಡಕ್ಕೆ ಒಂದು ಮುಷ್ಟಿ. ಕೊಚಾಬ್‌ನ ಕತೆಯೂ ಹೆಚ್ಚುಕಡಿಮೆ ಇದೇ. ಧ್ರುವಬಿಂದು ಆಗ ಎರಡರ ನಡುವೆ ಇತ್ತು. ದನ ಕಾಯುವವನಿಗೂ ತಿಳಿಯುವ ಓಡಾಟ ಇದು. ಅದನ್ನು ನೋಡಿ ಯಾರೂ ಧ್ರುವ ಎಂದು ಹೊಸದಾಗಿ ಹೆಸರಿಡುವುದಿಲ್ಲ.

ಹಳೆಯ ಧ್ರುವನಾದ ಥುಬಾನ್ ಈಗ ಧ್ರುವಬಿಂದುವಿನಿಂದ ಇಪ್ಪತ್ತೈದು ಡಿಗ್ರಿಗೂ ಹೆಚ್ಚು ದೂರ ಹೋಗಿದೆ. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ ಮಾತ್ರ. ಎಂದೂ ಮುಳುಗದಿದ್ದ ಆ ನಕ್ಷತ್ರ ಇಂದು ನಮ್ಮಲ್ಲಿ ದಿನವೂ ಮುಳುಗಿ ದಿನವೂ ಹುಟ್ಟುತ್ತದೆ. ‘ಉದಯಿಸಿ’ ಎಂಬ ಮಾತು ಸಲ್ಲುವುದಾದರೆ ಆ ಧ್ರುವನಿಗೆ ಸಲ್ಲುತ್ತದೆ.

ನಮ್ಮ ಹಿಂದಿನವರಲ್ಲಿ ಯಾರಿಗೋ ಇದು ಗೊತ್ತಿತ್ತು ಎಂದು ನಾನು ಹೇಳುವುದಕ್ಕೆ ಮೈತ್ರಾಯಣೀ ಉಪನಿಷತ್ತು ಆಧಾರ. ರಾಜ್ಯ ಬಿಟ್ಟು ಕಾಡಿಗೆ ಬಂದ ಬೃಹದ್ರಥ ರಾಜ ಲೋಕದಲ್ಲಿ ಯಾವುದೂ ನಿಲ್ಲುವುದಿಲ್ಲ ಎಂದು ಶಾಕಾಯನ್ಯ ಮುನಿಗೆ ಹೇಳುತ್ತಾನೆ. ಒಣಗುವ ಸಮುದ್ರಗಳು, ಉರುಳುವ ಬೆಟ್ಟಗಳ ಜೊತೆಗೆ ಅವನು ಧ್ರುವನ ಚಲನೆಯನ್ನೂ ಹೆಸರಿಸುತ್ತಾನೆ. ಇದು ಬರೀ ಕವಿಮಾತು ಎಂದು ಪಕ್ಕಕ್ಕಿಡುವವರಿದ್ದಾರೆ. ಅಲುಗದ್ದು ಎಂದೇ ಹೆಸರಾದುದು ಅಲುಗುತ್ತದೆ ಎನ್ನಬೇಕಾದರೆ, ಅದು ಅಲುಗಿದ್ದನ್ನು ಕಂಡ ಅಥವಾ ಕಂಡವರಿಂದ ಕೇಳಿದ ಪರಂಪರೆ ಇರಲೇಬೇಕು ಎಂಬುದು ನನ್ನ ಪಟ್ಟು.

ಇದೇ ಚಲನೆ ಪಂಚಾಂಗದಲ್ಲೂ ಇದೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ, ನಾವು ಎಳ್ಳು ಬೀರುವುದು ಜನವರಿ 14-15ಕ್ಕೆ. ಸಂಕ್ರಾಂತಿಯೂ ಉತ್ತರಾಯಣವೂ ಒಂದೇ ದಿನ ಬರುತ್ತಿದ್ದದ್ದು ಸುಮಾರು 1700 ವರ್ಷಗಳ ಹಿಂದೆ. ಈ ಅಂತರಕ್ಕೆ ಜೋಯಿಸರು ಅಯನಾಂಶ ಎನ್ನುತ್ತಾರೆ. ಈಗ ಅದು ಸುಮಾರು 24 ಡಿಗ್ರಿ.

ಇಂದಿನ ಧ್ರುವನಕ್ಷತ್ರವೂ ನಡುಬಿಂದುವಿನಲ್ಲಿ ಕೂತಿಲ್ಲ. ಪೂರ್ಣಚಂದ್ರನ ಅಗಲಕ್ಕಿಂತ ತುಸು ಹೆಚ್ಚು ದೂರದಲ್ಲಿ ಸಣ್ಣ ಸುತ್ತು ಹಾಕುತ್ತಿದೆ. 2100ರ ಸುಮಾರಿಗೆ ಅರ್ಧ ಡಿಗ್ರಿಯ ಒಳಗೆ ಬಂದು, ಅಲ್ಲಿಂದ ದೂರವಾಗತೊಡಗುತ್ತದೆ. ಇನ್ನು ಹನ್ನೆರಡು ಸಾವಿರ ವರ್ಷಕ್ಕೆ ಆ ಕಡೆ ಬರುವುದು ಅಭಿಜಿತ್. ಬಹಳ ಹೊಳೆಯುವ ನಕ್ಷತ್ರ ಅದು, ಆದರೂ ಬಿಂದುವಿನಿಂದ ನಾಲ್ಕೈದು ಡಿಗ್ರಿ ಆಚೆಯೇ ಉಳಿಯುತ್ತದೆ. ನಿರೂಪಕರ ‘ಪ್ರಖರ’ಕ್ಕೆ ಆಗ ಅರ್ಥ ಬಂದೀತು.

ಅಲ್ಲಿಯವರೆಗೆ ಈ ಮಾತನ್ನು ಬಳಸುವವರು ಒಮ್ಮೆ ಆ ನಕ್ಷತ್ರವನ್ನು ನೋಡಲಿ ಎಂದು ಕೇಳಿಕೊಳ್ಳುತ್ತೇನೆ. ಏಪ್ರಿಲ್ ಮೇ ತಿಂಗಳ ರಾತ್ರಿ ಒಂಬತ್ತರ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿದರೆ ಸಪ್ತರ್ಷಿಗಳು ಎತ್ತರದಲ್ಲಿ ಕಾಣುತ್ತಾರೆ. ಮುಂದಿನ ಎರಡು ನಕ್ಷತ್ರಗಳು ಪುಲಹ ಮತ್ತು ಕ್ರತು. ಪುಲಹನಿಂದ ಕ್ರತುವಿಗೆ ಗೆರೆ ಎಳೆದು, ಅವೆರಡರ ನಡುವಿನ ದೂರದ ಐದರಷ್ಟನ್ನು ಅದೇ ದಿಕ್ಕಿನಲ್ಲಿ ಕೆಳಕ್ಕೆ ಇಳಿಯಿರಿ. ಬೆಂಗಳೂರಿನವರು ದಿಗಂತದಿಂದ ಒಂದೂಕಾಲು ಮುಷ್ಟಿ ಎತ್ತರದಲ್ಲಿ, ಬೀದರಿನವರು ಎರಡು ಮುಷ್ಟಿಗೆ ತುಸು ಕಡಿಮೆಯಲ್ಲಿ ಹುಡುಕಬೇಕು. ಉತ್ತರಕ್ಕೆ ಗುಡ್ಡ, ತೋಟ, ಅಪಾರ್ಟ್‌ಮೆಂಟು ಯಾವುದೂ ಅಡ್ಡ ಇಲ್ಲದ ಜಾಗಕ್ಕೇ ಹೋಗಿ.